ಗೈಡ್‌ಗೆ ಬರೆಯುವ ಇಮೇಲ್: ವಿನಯ ಎಷ್ಟಿರಬೇಕು, ವಿವರ ಎಷ್ಟಿರಬೇಕು?

*ಪ್ರಶ್ನೆ: ನಾನು ಅರಣ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಪಿಎಚ್.ಡಿ. ಅರ್ಜಿ ಹಾಕಬೇಕು. ಡಿಸೆಂಬರ್ 1 ಕೊನೆಯ ದಿನ. ಶಿಫಾರಸು ಪತ್ರ ಕೇಳಿ ಗೈಡ್‌ಗೆ ಇಮೇಲ್ ಬರೆಯಲು ಕುಳಿತು ವಾರವಾಯಿತು. ‘ಪೂಜ್ಯ ಗುರುಗಳಿಗೆ ಸಾಷ್ಟಾಂಗ ನಮಸ್ಕಾರಗಳು, ತಮ್ಮ ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆಯಿರಲಿ’ ಎಂದು ಶುರು ಮಾಡಿದರೆ ನನಗೇ ನಾಟಕ ಎನ್ನಿಸುತ್ತದೆ. ‘ಸರ್, ಒಂದು ರೆಕಮೆಂಡೇಶನ್ ಲೆಟರ್ ಬೇಕಿತ್ತು’ ಎಂದು ಬರೆದರೆ ಉದ್ಧಟತನವಾಗುತ್ತದೆ. ಗೆಳತಿ ವಾಟ್ಸ್ಆ್ಯಪ್ ಸಾಕು ಎನ್ನುತ್ತಾಳೆ. ಅಪ್ಪ, ‘ಕಾಫಿಪುಡಿ, ಜೇನು ಹಿಡಿದುಕೊಂಡು ಮನೆಗೇ ಹೋಗಿ ಕೇಳು’ ಎನ್ನುತ್ತಾರೆ. ಬೇರೆ ಕಡೆ ಓದಿದ ಒಬ್ಬರಿಗೆ ಅವರ ಗೈಡ್, ‘ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ’ ಎಂದರಂತೆ. ನನಗೂ ಹಾಗೆಯೇ ಹೇಳಿದರೆ ಏನು ಮಾಡಲಿ?*
*– ಓದುಗಿ, ಸಿದ್ದಾಪುರ, ಕೊಡಗು*

ಉತ್ತರ:

ನೀವು ಬರೆದು ಅಳಿಸಿದ ಎರಡು ಸಾಲುಗಳಲ್ಲಿ ಒಂದು ತೀರಾ ಬಾಗಿದೆ, ಇನ್ನೊಂದು ತೀರಾ ನೆಟ್ಟಗಿದೆ ಎಂದು ನಿಮಗೆ ಅನ್ನಿಸಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಂದ ವರ್ಷಗಟ್ಟಲೆ ಇಂಥ ಇಮೇಲ್ ಪಡೆದವನಾಗಿ ಹೇಳುತ್ತೇನೆ, ಎರಡರ ಕೊರತೆಯೂ ಒಂದೇ. ಯಾವ ಕೋರ್ಸಿಗೆ, ಯಾವ ದಿನಾಂಕದೊಳಗೆ, ಏನನ್ನು, ಎಲ್ಲಿಗೆ ಕಳುಹಿಸಬೇಕು ಎಂಬುದು ಎರಡರಲ್ಲೂ ಇಲ್ಲ. ಅದನ್ನು ತುಂಬಿಸಿ ನೋಡಿ, ವಿನಯದ ಪ್ರಶ್ನೆ ಮುಕ್ಕಾಲು ಪಾಲು ತಾನಾಗಿಯೇ ಬಗೆಹರಿಯುತ್ತದೆ.

ಈ ತೊಡಕು ಎಲ್ಲಿಂದ ಬರುತ್ತದೆ ಎಂಬುದು ನನಗೆ ಗೊತ್ತಿದೆ. ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವ ಏಕೈಕ ಔಪಚಾರಿಕ ಬರಹ ರಜಾ ಅರ್ಜಿ. ‘ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ’ ಎಂಬ ಆ ಅರ್ಜಿಯಲ್ಲಿ ಕೇಳುವುದು ಅನುಮತಿಯನ್ನು. ಮೇಷ್ಟ್ರು ಮೂಲೆಯಲ್ಲಿ ಸಹಿ ಹಾಕಿದರೆ ಮುಗಿಯಿತು. ಶಿಫಾರಸು ಪತ್ರ ಹಾಗಲ್ಲ. ನಿಮ್ಮ ಗೈಡ್ ಒಂದೆರಡು ಗಂಟೆ ಕುಳಿತು, ನಿಮ್ಮ ಕೆಲಸವನ್ನು ನೆನಪಿಸಿಕೊಂಡು, ಪರದೇಶದ ಅಪರಿಚಿತ ಪ್ರಾಧ್ಯಾಪಕರಿಗೆ ಒಂದು ಪುಟ ಬರೆಯಬೇಕು. ನೀವು ಕೇಳುತ್ತಿರುವುದು ಅವರ ದುಡಿಮೆಯನ್ನು. ಅವರ ಆ ಕೆಲಸವನ್ನು ನೀವು ಎಷ್ಟು ಹಗುರ ಮಾಡಿಕೊಡುತ್ತೀರಿ, ‘ಆಗುವುದಿಲ್ಲ’ ಎನ್ನಲು ಎಷ್ಟು ಜಾಗ ಬಿಡುತ್ತೀರಿ ಎಂಬುದರಲ್ಲಿ ಇಲ್ಲಿನ ಗೌರವ ಕಾಣುತ್ತದೆ. ಸಾಷ್ಟಾಂಗ ನಮಸ್ಕಾರ ಈ ಎರಡನ್ನೂ ಮಾಡುವುದಿಲ್ಲ.

ಆ ‘ಆಗುವುದಿಲ್ಲ’ ಏಕೆ ಮುಖ್ಯ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ತಂದೆಯವರ ಸಲಹೆ ಅದಕ್ಕೇ ಸಂಬಂಧಿಸಿದ್ದು. ಕೊಡಗಿನಲ್ಲಿ ಯಾರ ಮನೆಗೂ ಬರಿಗೈಯಲ್ಲಿ ಹೋಗುವ ರೂಢಿಯಿಲ್ಲ, ಮನೆಗೆ ಬಂದವರಿಗೆ ಮುಖ ಮುರಿದು ಮಾತನಾಡುವ ರೂಢಿಯೂ ಇಲ್ಲ. ಜೇನಿನ ಬಾಟಲಿ ಮೇಜಿನ ಮೇಲಿರುವಾಗ, ಪಕ್ಕದಲ್ಲಿ ನಿಮ್ಮ ತಂದೆಯೂ ಕುಳಿತಿರುವಾಗ ಯಾವ ಮೇಷ್ಟ್ರೂ ‘ಇವಳ ಬಗ್ಗೆ ಬಲವಾಗಿ ಬರೆಯುವಷ್ಟು ನನ್ನಲ್ಲಿ ಸಾಮಗ್ರಿಯಿಲ್ಲ’ ಎನ್ನುವುದಿಲ್ಲ. ‘ಆಯಿತು, ಕೊಡೋಣ’ ಎನ್ನುತ್ತಾರೆ. ಆಮೇಲೆ ಬರುವುದು ನಾಲ್ಕು ಸಾಲಿನ ಪತ್ರ: ‘ಶ್ರದ್ಧೆಯ ವಿದ್ಯಾರ್ಥಿನಿ, ನಡತೆ ಉತ್ತಮ, ಭವಿಷ್ಯಕ್ಕೆ ಶುಭ ಹಾರೈಸುತ್ತೇನೆ.’ ಅದು ನಡತೆ ಪ್ರಮಾಣಪತ್ರ. ನೂರಾರು ಅರ್ಜಿಗಳನ್ನು ಓದುವ ಸಮಿತಿಗೆ ಅದರಿಂದ ತಿಳಿಯುವುದು ಒಂದೇ, ಬರೆದವರಿಗೆ ಈ ವಿದ್ಯಾರ್ಥಿನಿಯ ಕೆಲಸ ಗೊತ್ತಿಲ್ಲ ಎಂಬುದು. ಇಮೇಲ್‌ನಲ್ಲಿ ಕೇಳಿದರೆ ಗೈಡ್‌ಗೆ ಯೋಚಿಸಲು ಎರಡು ದಿನ ಸಿಗುತ್ತದೆ, ಮುಖ ನೋಡಬೇಕಾಗಿಲ್ಲ, ಬೇಡವೆನ್ನುವುದಾದರೆ ಮರ್ಯಾದೆಯಾಗಿಯೇ ಹೇಳಬಹುದು. ಜೇನು, ಕಾಫಿಪುಡಿ ಏನಿದ್ದರೂ ಫಲಿತಾಂಶ ಬಂದ ಮೇಲೆ, ಸಿಹಿಸುದ್ದಿಯ ಜೊತೆಗೆ ಹೋಗಲಿ. ಪತ್ರ ಬರೆಯುವುದಕ್ಕೆ ಮೊದಲು ಕೊಟ್ಟರೆ ನಿಮ್ಮ ಮನಸ್ಸಿನಲ್ಲಿ ಏನೇ ಇರಲಿ, ಅವರಿಗೆ ಅದು ಇರಿಸುಮುರಿಸು.

ಇನ್ನೊಂದು ತಪ್ಪು ತಿಳಿವಳಿಕೆಯೂ ಆಗಾಗ ಎದುರಾಗುತ್ತದೆ. ಡೀನ್ ಅಥವಾ ಕುಲಪತಿಗಳ ಸಹಿ ಇದ್ದರೆ ಪತ್ರಕ್ಕೆ ತೂಕ ಹೆಚ್ಚು ಎಂಬುದು. ನೀವು ಗೈಡನ್ನು ಕೇಳುತ್ತಿದ್ದೀರಿ, ಅದು ಸರಿಯಾದ ಆಯ್ಕೆ. ಅಮೆರಿಕದ ಅರ್ಜಿಗಳಿಗೆ ಸಾಮಾನ್ಯವಾಗಿ ಮೂರು ಪತ್ರ ಬೇಕಾಗುತ್ತವೆ. ಉಳಿದ ಎರಡನ್ನೂ ನಿಮ್ಮ ಸಲಹಾ ಸಮಿತಿಯ ಸದಸ್ಯರಲ್ಲಿ, ನಿಮ್ಮ ಪ್ರಬಂಧದ ಕರಡನ್ನು ನಿಜವಾಗಿ ಓದಿ ತಿದ್ದಿದವರಲ್ಲಿ ಕೇಳಿ.

ಈಗ ಪತ್ರ ಬರೆಯುವವರ ಮುಂದೆ ಏನು ಬರುತ್ತದೆ ನೋಡೋಣ. ನೀವು ಆನ್‌ಲೈನ್ ಅರ್ಜಿಯಲ್ಲಿ ಗೈಡ್‌ರ ಹೆಸರು, ಹುದ್ದೆ, ಇಮೇಲ್ ವಿಳಾಸ ತುಂಬಿದ ಮೇಲೆ ವಿಶ್ವವಿದ್ಯಾಲಯದಿಂದ ಅವರಿಗೆ ಒಂದು ಕೊಂಡಿ ಹೋಗುತ್ತದೆ. ಅದನ್ನು ತೆರೆದರೆ ಪತ್ರ ಸೇರಿಸುವ ಜಾಗದ ಜೊತೆಗೆ ಕೆಲವು ಪ್ರಶ್ನೆಗಳೂ ಇರುತ್ತವೆ. ಈ ಅಭ್ಯರ್ಥಿ ಎಷ್ಟು ಕಾಲದಿಂದ ಪರಿಚಯ, ಯಾವ ಸಂಬಂಧದಲ್ಲಿ, ಇತರ ವಿದ್ಯಾರ್ಥಿಗಳಿಗೆ ಹೋಲಿಸಿದರೆ ಸಂಶೋಧನಾ ಸಾಮರ್ಥ್ಯದಲ್ಲಿ ಮೇಲಿನ ಶೇ 5ರಲ್ಲಿ ಇದ್ದಾರೋ, ಶೇ 10ರಲ್ಲೋ, ಶೇ 25ರಲ್ಲೋ. ಹೀಗೆ ಗುರುತು ಹಾಕಿದ್ದನ್ನು ಸಮರ್ಥಿಸುವ ಘಟನೆ ಪತ್ರದಲ್ಲಿ ಇರಬೇಕು. ನಿಮ್ಮ ಗೈಡ್‌ಗೆ ನೀವೊಬ್ಬರೇ ವಿದ್ಯಾರ್ಥಿನಿಯಲ್ಲ. ಎರಡು ವರ್ಷದಲ್ಲಿ ನೀವು ಮಾಡಿದ್ದೆಲ್ಲ ಅವರ ನೆನಪಿನಲ್ಲಿ ಇರುತ್ತದೆ ಎಂದುಕೊಳ್ಳಬೇಡಿ.

ಆದ್ದರಿಂದ ಇಮೇಲ್ ಚಿಕ್ಕದಾಗಿರಲಿ, ಅದರ ಜೊತೆ ಒಂದು ಪುಟದ ಟಿಪ್ಪಣಿ ಹೋಗಲಿ. ನಿಮ್ಮ ಪ್ರಬಂಧ ಯಾವುದರ ಮೇಲೆ ಎಂದು ನೀವು ಬರೆದಿಲ್ಲ. ನಿಮ್ಮ ಕಡೆಯ ಕಾಫಿ ತೋಟಗಳ ನೆರಳು ಮರಗಳ ಮೇಲೆ, ಅಂದರೆ ಕಾಡುಮರಗಳ ಜಾಗಕ್ಕೆ ಸಿಲ್ವರ್ ಓಕ್ ಬರುತ್ತಿರುವುದರ ಮೇಲೆ ಎಂದು ಇಟ್ಟುಕೊಂಡು ಮಾದರಿ ಬರೆಯುತ್ತೇನೆ.

> ವಿಷಯ: ಪಿಎಚ್.ಡಿ. ಅರ್ಜಿಗೆ ಶಿಫಾರಸು ಪತ್ರದ ಕೋರಿಕೆ, ನವೆಂಬರ್ 25ರೊಳಗೆ – (ನಿಮ್ಮ ಹೆಸರು)
>
> ಸರ್, ನಮಸ್ಕಾರ.
>
> ಅಮೆರಿಕದ (ಹೆಸರು) ವಿಶ್ವವಿದ್ಯಾಲಯದ ಅರಣ್ಯ ವಿಭಾಗದಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕುತ್ತಿದ್ದೇನೆ. ಅದಕ್ಕೆ ಮೂರು ಶಿಫಾರಸು ಪತ್ರಗಳು ಬೇಕು. ನೆರಳು ಮರಗಳ ಮೇಲಿನ ನನ್ನ ಕೆಲಸವನ್ನು ಮೊದಲ ದಿನದಿಂದ ನೋಡಿದವರು ನೀವು. ನಾನು ಪಿಎಚ್.ಡಿ. ಸಂಶೋಧನೆಗೆ ತಯಾರಾಗಿದ್ದೇನೆ ಎಂದು ನಿಮಗೆ ಅನ್ನಿಸಿದ್ದರೆ, ಒಂದು ಪತ್ರವನ್ನು ನೀವು ಬರೆದುಕೊಡಲು ಸಾಧ್ಯವೇ?
>
> ಅರ್ಜಿಗೆ ಡಿಸೆಂಬರ್ 1 ಕೊನೆಯ ದಿನ. ನವೆಂಬರ್ 25ರೊಳಗೆ ಪತ್ರ ಸೇರಿದರೆ ಅನುಕೂಲ. ನೀವು ಒಪ್ಪಿದ ಮೇಲೆ ವಿಶ್ವವಿದ್ಯಾಲಯದಿಂದ ನಿಮಗೆ ಒಂದು ಕೊಂಡಿ ಬರುತ್ತದೆ, ಪತ್ರವನ್ನು ಅಲ್ಲಿಯೇ ಸೇರಿಸಬೇಕು. ಇದಕ್ಕೆ ನಿಮ್ಮ ಯಾವ ಇಮೇಲ್ ವಿಳಾಸ ಕೊಡಲಿ ಎಂದು ದಯವಿಟ್ಟು ತಿಳಿಸಿ.
>
> ನನ್ನ ಕೆಲಸದ ವಿವರಗಳಿರುವ ಒಂದು ಪುಟದ ಟಿಪ್ಪಣಿ, ಬಯೋಡೇಟಾ, ಅಂಕಪಟ್ಟಿ ಮತ್ತು ಅರ್ಜಿಯ ಜೊತೆ ಕೊಡುವ ಉದ್ದೇಶ ಪತ್ರದ ಕರಡನ್ನು ಲಗತ್ತಿಸಿದ್ದೇನೆ.
>
> ನಿಮಗೆ ಬಿಡುವಿಲ್ಲದಿದ್ದರೆ ಅಥವಾ ಬೇರೆಯವರು ಬರೆಯುವುದೇ ಸೂಕ್ತ ಎನ್ನಿಸಿದರೆ ಹಾಗೆಯೇ ತಿಳಿಸಿ ಸರ್. ಸಮಿತಿಯ ಇನ್ನೊಬ್ಬ ಸದಸ್ಯರನ್ನು ಕೇಳಲು ಸಮಯವಿದೆ.
>
> ವಂದನೆಗಳೊಂದಿಗೆ,
> (ಅಂಕಪಟ್ಟಿಯಲ್ಲಿರುವಂತೆ ಪೂರ್ತಿ ಹೆಸರು)
> ಎಂ.ಎಸ್ಸಿ. ಅರಣ್ಯಶಾಸ್ತ್ರ, ನೋಂದಣಿ ಸಂಖ್ಯೆ, ಮೊಬೈಲ್ ಸಂಖ್ಯೆ

ಇದರಲ್ಲಿ ‘ಪೂಜ್ಯ’ ಇಲ್ಲ, ಕ್ಷಮೆ ಇಲ್ಲ, ‘ಅಮೂಲ್ಯ ಸಮಯ’ ಇಲ್ಲ. ಆದರೂ ಎಲ್ಲಿಯೂ ಒರಟುತನವಿಲ್ಲ. ತರಗತಿಯಲ್ಲಿ ಅವರನ್ನು ‘ಸರ್’ ಎಂದು ಕರೆಯುವ ನೀವು ಇಮೇಲ್‌ನಲ್ಲಿಯೂ ‘ಸರ್’ ಎಂದೇ ಬರೆಯಿರಿ. ದಿನಾ ಎದುರಿಗೆ ‘ನೀವು’ ಎನ್ನುವವರು ಇದ್ದಕ್ಕಿದ್ದಂತೆ ‘ತಾವು’ ಎಂದು ಬರೆದರೆ ಕೃತಕವಾಗುತ್ತದೆ. ಎದುರಿಗೂ ‘ತಾವು’ ಎನ್ನುವ ಅಭ್ಯಾಸ ನಿಮ್ಮದಾದರೆ ಅದನ್ನೇ ಇಟ್ಟುಕೊಳ್ಳಿ. ಆದರೆ ಕೊನೆಯವರೆಗೂ ಅದೇ ಇರಲಿ. ಮೊದಲ ಸಾಲಿನಲ್ಲಿ ‘ತಾವು’, ಮೂರನೆಯದರಲ್ಲಿ ‘ನೀವು’, ಕೊನೆಗೆ ಬರೀ ‘ಕಳಿಸಿ’ ಎಂದಾಗ ಓದುವವರಿಗೆ ಕಾಣುವುದು ಎಲ್ಲಿಂದಲೋ ನಕಲು ಮಾಡಿ ಜೋಡಿಸಿದ ಪತ್ರ. ನಿಮ್ಮ ಗೈಡ್ ಕನ್ನಡದವರಲ್ಲದಿದ್ದರೆ ಅಥವಾ ನಿಮ್ಮಿಬ್ಬರ ಇಮೇಲ್‌ಗಳೆಲ್ಲ ಇಂಗ್ಲಿಷಿನಲ್ಲಿಯೇ ಇದ್ದರೆ, ಇದೇ ಕ್ರಮದಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ.

ಮಾದರಿಯ ಎರಡು ಜಾಗಗಳನ್ನು ಮಾತ್ರ ಬದಲಾಯಿಸಬೇಡಿ. ಒಂದು, ‘ತಯಾರಾಗಿದ್ದೇನೆ ಎಂದು ನಿಮಗೆ ಅನ್ನಿಸಿದ್ದರೆ’ ಎಂಬುದು. ಬರೆದುಕೊಡಲು ಸಾಧ್ಯವೇ ಎಂದಷ್ಟೇ ಕೇಳಿದರೆ ಯಾರಾದರೂ ಹೂಂ ಎನ್ನುತ್ತಾರೆ. ಈ ಷರತ್ತು ಸೇರಿಸಿದಾಗ, ನಿಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯ ಇರುವವರು ಮಾತ್ರ ಒಪ್ಪುವ ಸಾಧ್ಯತೆ ಹೆಚ್ಚುತ್ತದೆ. ಇನ್ನೊಂದು, ಬೇಡವೆನ್ನಲು ದಾರಿ ಬಿಡುವ ಕೊನೆಯ ಪ್ಯಾರಾ. ‘ಇಲ್ಲವೆನ್ನಬಾರದು ಸರ್, ನಿಮ್ಮನ್ನೇ ನಂಬಿದ್ದೇನೆ’ ಎಂದು ಮುಗಿಸುವ ಇಮೇಲ್‌ಗಳನ್ನು ಓದುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬರೆದವರಿಗೆ ಅದು ಭಕ್ತಿ, ಓದುವವರಿಗೆ ಒತ್ತಾಯ. ಒತ್ತಾಯಕ್ಕೆ ಸಿಕ್ಕಿ ಬರೆದ ಪತ್ರ ಹೇಗಿರುತ್ತದೆ ಎಂದು ಮೇಲೆಯೇ ಹೇಳಿದೆ.

ಕೇಳಿದ ಕೂಡಲೇ ಅವರ ವಿಳಾಸವನ್ನು ಅರ್ಜಿಯಲ್ಲಿ ತುಂಬಬೇಡಿ, ಒಪ್ಪಿಗೆ ಬಂದ ಮೇಲೆ ತುಂಬಿ. ಒಪ್ಪುವುದಕ್ಕೆ ಮುಂಚೆಯೇ ಪರದೇಶದಿಂದ ಸ್ವಯಂಚಾಲಿತ ಇಮೇಲ್ ಬಂದು ನಿಂತರೆ ಎಂಥ ಗೈಡ್‌ಗೂ ಕಸಿವಿಸಿಯಾಗುತ್ತದೆ. ವಿಳಾಸವನ್ನು ಕೇಳಿಯೇ ತುಂಬುವುದಕ್ಕೆ ಇನ್ನೊಂದು ಕಾರಣವೂ ಇದೆ. ಕಾಲೇಜಿನ ಅಧಿಕೃತ ವಿಳಾಸ ಇರುವವರೂ ಹಲವರು ದಿನಾ ನೋಡುವುದು ತಮ್ಮ ಸ್ವಂತ ಜಿಮೇಲ್ ಅನ್ನು. ಆದರೆ ಹಲವು ವಿಶ್ವವಿದ್ಯಾಲಯಗಳು ಪತ್ರ ಬರೆದವರು ಅಸಲಿಯೇ ಎಂದು ತಿಳಿಯಲು ಅಧಿಕೃತ ವಿಳಾಸವನ್ನೇ ಬಯಸುತ್ತವೆ. ಎರಡೂ ಇದ್ದರೆ ಅಧಿಕೃತ ವಿಳಾಸವನ್ನೇ ಕೊಡಬಹುದೇ ಎಂದು ಕೇಳಿ. ಕೊಂಡಿ ಹೋದ ದಿನ, ‘ಇವತ್ತು ಕೊಂಡಿ ಬಂದಿರಬೇಕು, ಕಾಣದಿದ್ದರೆ ಸ್ಪ್ಯಾಮ್ ಫೋಲ್ಡರ್ ನೋಡಿ ಸರ್’ ಎಂದು ಒಂದು ಸಾಲು ಬರೆಯಿರಿ. ಪತ್ರ ತಲುಪದೆ ಉಳಿದ ಎಷ್ಟೋ ಪ್ರಸಂಗಗಳಲ್ಲಿ ಕೊಂಡಿ ಸ್ಪ್ಯಾಮ್‌ನಲ್ಲಿ ಬಿದ್ದಿದ್ದನ್ನು ನಾನು ಕಂಡಿದ್ದೇನೆ.

ಇನ್ನು ವಾಟ್ಸ್ಆ್ಯಪ್. ಕೋರಿಕೆಗೆ ಅದು ಬೇಡ. ಲಗತ್ತುಗಳು ಅಲ್ಲಿ ನೂರು ಫಾರ್ವರ್ಡ್‌ಗಳ ನಡುವೆ ಕಳೆದುಹೋಗುತ್ತವೆ, ನವೆಂಬರ್‌ನಲ್ಲಿ ಪತ್ರ ಬರೆಯಲು ಕುಳಿತಾಗ ನಿಮ್ಮ ಗೈಡ್ ಅವುಗಳನ್ನು ಹುಡುಕಬೇಕಾಗುತ್ತದೆ. ಆದರೆ ಅವರು ಮಾಮೂಲಾಗಿ ನಿಮ್ಮೊಡನೆ ವಾಟ್ಸ್ಆ್ಯಪ್‌ನಲ್ಲಿ ಮಾತನಾಡುವವರಾದರೆ, ‘ಸರ್, ಶಿಫಾರಸು ಪತ್ರದ ಬಗ್ಗೆ ಒಂದು ಇಮೇಲ್ ಕಳುಹಿಸಿದ್ದೇನೆ, ಬಿಡುವಾದಾಗ ನೋಡಿ’ ಎಂದು ತಿಳಿಸಿದರೆ ತಪ್ಪಿಲ್ಲ.

ಈಗ ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಕೊನೆಯ ಪ್ರಶ್ನೆಗೆ ಬರುತ್ತೇನೆ. ‘ನೀವೇ ಬರೆದು ತನ್ನಿ’ ಎನ್ನುವುದು ನಮ್ಮಲ್ಲಿ ಅಪರೂಪವಲ್ಲ. ಹಾಗೆನ್ನುವವರೆಲ್ಲ ಬೇಜವಾಬ್ದಾರಿಗಳು ಎಂದು ನಾನು ಹೇಳುವುದಿಲ್ಲ. ಪಾಠ, ಮೌಲ್ಯಮಾಪನ, ಕ್ಷೇತ್ರ ಕಾರ್ಯ, ಕಚೇರಿ ಕೆಲಸಗಳ ನಡುವೆ ಇಂಗ್ಲಿಷಿನಲ್ಲಿ ಒಂದು ಪುಟ ಹೊಸದಾಗಿ ಬರೆಯುವುದು ಅನೇಕರಿಗೆ ಕಷ್ಟ. ಆದರೆ ಅದರ ಅಪಾಯ ಬೀಳುವುದು ನಿಮ್ಮ ಮೇಲೆ. ನಿಮ್ಮ ಪತ್ರವನ್ನು ನೀವೇ ಬರೆದುಕೊಳ್ಳುವುದನ್ನು ಹಲವು ವಿಶ್ವವಿದ್ಯಾಲಯಗಳು ಅಪ್ರಾಮಾಣಿಕತೆ ಎಂದೇ ಎಣಿಸುತ್ತವೆ. ಮೂರು ಪತ್ರಗಳಲ್ಲಿ ಎರಡನ್ನು ನೀವೇ ಬರೆದರೆ ವಾಕ್ಯಗಳ ಜಾಡು ಒಂದೇ ಇರುತ್ತದೆ, ಅದು ನಿಮ್ಮ ಉದ್ದೇಶ ಪತ್ರದ ಜಾಡೂ ಆಗಿರುತ್ತದೆ, ಒಟ್ಟಿಗೆ ಓದುವವರಿಗೆ ಬೇಗ ಗೊತ್ತಾಗುತ್ತದೆ. ಇಷ್ಟಲ್ಲದೆ, ನಿಮ್ಮನ್ನು ಇತರ ವಿದ್ಯಾರ್ಥಿಗಳೊಂದಿಗೆ ಹೋಲಿಸಿ ಹೇಳುವ ಮಾತನ್ನು ನೀವೇ ಬರೆಯಲಾರಿರಿ. ಪತ್ರದ ಜೀವ ಇರುವುದು ಅದರಲ್ಲೇ.

ಹಾಗೆಂದು ‘ನಾನು ಬರೆಯುವುದಿಲ್ಲ, ಅದು ತಪ್ಪು’ ಎಂದು ಗೈಡ್‌ಗೆ ಹೇಳಿ ಎನ್ನುತ್ತಿಲ್ಲ. ನಿಮ್ಮ ಪ್ರಬಂಧ ಇನ್ನೂ ಅವರ ಕೈಯಲ್ಲಿದೆ. ನಡುವಿನ ದಾರಿ ಆ ಒಂದು ಪುಟದ ಟಿಪ್ಪಣಿ. ಅವರು ಹಾಗೆಂದರೆ, ‘ಸರಿ ಸರ್, ಬರೆಯಲು ಬೇಕಾದ ವಿವರಗಳನ್ನೆಲ್ಲ ದಿನಾಂಕ ಸಮೇತ ಟಿಪ್ಪಣಿಯಲ್ಲಿ ಕೊಟ್ಟಿದ್ದೇನೆ. ಇನ್ನೇನಾದರೂ ಬೇಕಿದ್ದರೆ ಇವತ್ತೇ ಸೇರಿಸುತ್ತೇನೆ. ಅಭಿಪ್ರಾಯದ ಭಾಗ ಮಾತ್ರ ನಿಮ್ಮ ಮಾತಿನಲ್ಲೇ ಇರಬೇಕೆಂದು ವಿಶ್ವವಿದ್ಯಾಲಯ ಬಯಸುತ್ತದೆ’ ಎಂದು ಉತ್ತರಿಸಿ. ಇಂಥ ಉತ್ತರಕ್ಕೆ ಬೇಸರಪಟ್ಟವರು ಕಡಿಮೆ. ವಿವರಗಳು ಸಾಲಾಗಿ ಎದುರಿಗಿದ್ದರೆ ಪತ್ರ ಅರ್ಧ ಮುಗಿದಂತೆಯೇ. ಇಷ್ಟಾದ ಮೇಲೂ ಅವರು ಪಟ್ಟು ಹಿಡಿದರೆ, ಸಮಿತಿಯ ಬೇರೆ ಸದಸ್ಯರನ್ನು ಕೇಳಬಹುದು. ಅದರಲ್ಲಿಯೂ ನಷ್ಟವಿದೆ. ಗೈಡ್‌ರ ಪತ್ರ ಏಕಿಲ್ಲ ಎಂಬ ಪ್ರಶ್ನೆ ಅರ್ಜಿ ಓದುವವರಿಗೆ ಏಳುತ್ತದೆ. ಹಾಗಾಗಿ ಅದು ಕೊನೆಯ ದಾರಿ.

ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ ಬರೆಯಿರಿ, ಏಕೆಂದರೆ ಪತ್ರ ಇಂಗ್ಲಿಷಿನಲ್ಲಿ ಹೋಗುತ್ತದೆ. ಅದರಲ್ಲಿ ಗುಣವಾಚಕ ಬೇಡ, ಘಟನೆ ಬೇಕು. ನೆರಳು ಮರಗಳ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ, ನೆಲದಿಂದ 1.37 ಮೀಟರ್ ಮೇಲೆ ಅಳೆಯುತ್ತೇವೆ. ಇಳಿಜಾರಿನಲ್ಲಿ ಆ ಎತ್ತರವನ್ನು ಮರದ ಮೇಲ್ಬದಿಯಲ್ಲಿ ನಿಂತು ಗುರುತಿಸಬೇಕು, ಕೆಳಬದಿಯಿಂದ ಗುರುತಿಸಿದರೆ ಟೇಪು ಕೆಳಗೆ ಬಿದ್ದು ಸುತ್ತಳತೆ ಹೆಚ್ಚು ಬರುತ್ತದೆ. ಕೊಡಗಿನ ತೋಟಗಳಲ್ಲಿ ಸಮತಟ್ಟು ಜಾಗವೇ ಕಡಿಮೆ. ಒಬ್ಬ ವಿದ್ಯಾರ್ಥಿನಿ ಮೊದಲ ಕೆಲವು ಪ್ಲಾಟ್‌ಗಳಲ್ಲಿ ಕೆಳಬದಿಯಿಂದ ಅಳೆದದ್ದನ್ನು ತಾನೇ ಗಮನಿಸಿ, ಯಾರೂ ಕೇಳದಿದ್ದರೂ ಗೈಡ್‌ಗೆ ತಿಳಿಸಿ, ಅಷ್ಟೂ ಮರಗಳನ್ನು ಮತ್ತೆ ಅಳೆದಳು ಎನ್ನಿ. ಟಿಪ್ಪಣಿಯಲ್ಲಿ ಅದು ಹೀಗೆ ಬರಬೇಕು: ‘ಫೆಬ್ರವರಿಯಲ್ಲಿ ಇಳಿಜಾರಿನ ಪ್ಲಾಟ್‌ಗಳಲ್ಲಿ ಅಳತೆಯ ಎತ್ತರ ತಪ್ಪಾಗಿದ್ದನ್ನು ನಿಮಗೆ ತಿಳಿಸಿದ್ದೆ, ಮಾರ್ಚ್‌ನಲ್ಲಿ ಅವನ್ನು ಮತ್ತೆ ಅಳೆದು ಎರಡೂ ಅಂಕಿಗಳನ್ನು ಅನುಬಂಧದಲ್ಲಿ ಕೊಟ್ಟಿದ್ದೇನೆ.’ ‘ನಾನು ಪ್ರಾಮಾಣಿಕಳು, ಶ್ರಮಜೀವಿ’ ಎಂದು ನೀವು ಬರೆಯಬೇಕಾಗಿಲ್ಲ. ಈ ಎರಡು ಸಾಲು ಓದಿದ ಗೈಡ್‌ಗೆ ಆ ದಿನ ನೆನಪಾಗುತ್ತದೆ, ಪ್ರಾಮಾಣಿಕತೆಯ ಮಾತನ್ನು ಅವರೇ, ತಮ್ಮದೇ ಧಾಟಿಯಲ್ಲಿ ಬರೆಯುತ್ತಾರೆ. ಇಂಥ ಮೂರು ಘಟನೆ ಸಾಕು. ಹತ್ತು ಕೊಟ್ಟರೆ ಯಾವುದನ್ನು ಹಿಡಿಯಬೇಕೆಂದು ತಿಳಿಯುವುದಿಲ್ಲ. ಜೊತೆಗೆ, ಅವರು ಕಲಿಸಿದ ವಿಷಯಗಳಲ್ಲಿ ನಿಮಗೆ ಬಂದ ಅಂಕ, ಪ್ರಬಂಧದ ಶೀರ್ಷಿಕೆ, ಅವರ ಬಳಿ ಕೆಲಸ ಶುರು ಮಾಡಿದ ತಿಂಗಳು, ನೀವು ಸೇರಬೇಕೆಂದಿರುವ ಪ್ರಾಧ್ಯಾಪಕರ ಸಂಶೋಧನೆಗೂ ನಿಮ್ಮ ಕೆಲಸಕ್ಕೂ ಇರುವ ನಂಟು, ಇಷ್ಟು ಇರಲಿ.

ಸಮಯದ ಬಗ್ಗೆ. ಪತ್ರಕ್ಕೆ ನಾಲ್ಕರಿಂದ ಆರು ವಾರ ಬಿಡುವುದು ಮರ್ಯಾದೆ. ಡಿಸೆಂಬರ್ 1ಕ್ಕೆ ಅಕ್ಟೋಬರ್ ಮೂರನೇ ವಾರದಲ್ಲಿ ಕೇಳಬೇಕು. ಕಾವೇರಿ ಸಂಕ್ರಮಣದ ರಜೆ ಮುಗಿದ ಕೂಡಲೇ ಕಳುಹಿಸಿ. ನವೆಂಬರ್ ಕೊನೆಗೆ ಪರೀಕ್ಷೆಯ ಕೆಲಸ, ಪುತ್ತರಿಯ ಓಡಾಟ, ಸ್ವಂತ ತೋಟವಿದ್ದವರಿಗೆ ಅರೇಬಿಕಾ ಕೊಯ್ಲು ಎಲ್ಲ ಒಟ್ಟಿಗೆ ಬರಬಹುದು. ಅದಕ್ಕೇ ಮಾದರಿಯಲ್ಲಿ ನವೆಂಬರ್ 25 ಎಂದು ಬರೆದೆ. ಒಪ್ಪಿಗೆ ಸಿಕ್ಕಿ ಪತ್ರ ಬಾರದಿದ್ದರೆ ನವೆಂಬರ್ 18ರ ಸುಮಾರಿಗೆ, ಹಳೆಯ ಇಮೇಲ್‌ಗೇ ಉತ್ತರದ ರೂಪದಲ್ಲಿ ಎರಡು ಸಾಲಿನ ಜ್ಞಾಪನೆ ಕಳುಹಿಸಿ, ಲಗತ್ತುಗಳನ್ನು ಮತ್ತೆ ಸೇರಿಸಿ. ‘ನೀವು ಮರೆತಿರಬಹುದು’ ಎನ್ನುವುದಕ್ಕಿಂತ ‘ಕೊಂಡಿ ತಲುಪಿದೆಯೇ ಸರ್, ನನ್ನಿಂದ ಇನ್ನೇನಾದರೂ ಬೇಕೇ’ ಎನ್ನುವುದು ಒಳ್ಳೆಯದು. 25 ದಾಟಿದರೆ ಫೋನ್ ಮಾಡಿ ಅಥವಾ ಕೋಣೆಗೆ ಹೋಗಿ ಕೇಳಿ, ಆಗ ಅದು ಅಧಿಕಪ್ರಸಂಗವಲ್ಲ. ಮಳೆಗಾಳಿಗೆ ಕರೆಂಟು ಮತ್ತು ನೆಟ್‌ವರ್ಕ್ ಒಟ್ಟಿಗೆ ಹೋಗುವ ನಮ್ಮ ಊರುಗಳಲ್ಲಿ ಕೊನೆಯ ದಿನದ ಲೆಕ್ಕಾಚಾರ ಇಟ್ಟುಕೊಳ್ಳಲೇಬೇಡಿ.

ಅರ್ಜಿ ತುಂಬುವಾಗ ಎದುರಾಗುವ ಎರಡು ವಿಷಯ ಹೇಳಿ ಮುಗಿಸುತ್ತೇನೆ. ಶಿಫಾರಸು ಪತ್ರವನ್ನು ಮುಂದೆ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂದು ಅಮೆರಿಕದ ಅರ್ಜಿ ಕೇಳುತ್ತದೆ. ಅಲ್ಲಿ ಓದುವ ವಿದ್ಯಾರ್ಥಿಗಳಿಗೆ ತಮ್ಮ ಕಡತ ನೋಡುವ ಹಕ್ಕನ್ನು 1974ರ ಕಾನೂನೊಂದು ಕೊಟ್ಟಿದೆ, ಅದರಿಂದ ಹುಟ್ಟಿದ ಪ್ರಶ್ನೆ ಇದು. ಬಿಟ್ಟುಕೊಡಲೇಬೇಕೆಂಬ ಕಡ್ಡಾಯವಿಲ್ಲ, ಆದರೆ ಸಾಮಾನ್ಯವಾಗಿ ಎಲ್ಲರೂ ಬಿಟ್ಟುಕೊಡುತ್ತಾರೆ, ನೀವೂ ಹಾಗೆಯೇ ಮಾಡಿ. ಗುಟ್ಟಾಗಿ ಬರೆದ ಪತ್ರಕ್ಕೆ ಓದುವವರು ಹೆಚ್ಚು ಬೆಲೆ ಕೊಡುತ್ತಾರೆ. ಹಾಗೆ ಬಿಟ್ಟುಕೊಟ್ಟ ಮೇಲೆ ‘ಏನು ಬರೆದಿರಿ ಸರ್, ಒಂದು ಪ್ರತಿ ಕಳುಹಿಸಿ’ ಎಂದು ಕೇಳಬೇಡಿ.

ಇನ್ನೊಂದು ಹೆಸರಿನದು. ನಮ್ಮಲ್ಲಿ ಮನೆ ಹೆಸರು ಮೊದಲು ಬರುತ್ತದೆ, ಕೆಲವರ ಅಂಕಪಟ್ಟಿಯಲ್ಲಿ ಅದು ಬರೀ ಇನಿಷಿಯಲ್ ಆಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ಪೂರ್ತಿ ಇರುತ್ತದೆ, ಮದುವೆಯಾದವರಿಗೆ ಬದಲಾಗಿಯೂ ಇರಬಹುದು. ಇಷ್ಟರ ಮೇಲೆ ಕಾಲೇಜಿನಲ್ಲಿ ಎಲ್ಲರೂ ಮುದ್ದಿನ ಹೆಸರಿನಲ್ಲಿ ಕರೆಯುತ್ತಿರುತ್ತಾರೆ, ಒಂದೇ ಬ್ಯಾಚಿನಲ್ಲಿ ಇಬ್ಬರು ಪೂವಮ್ಮಂದಿರು ಇರುವುದೂ ಉಂಟು. ಗೈಡ್ ತಮ್ಮ ಪತ್ರದಲ್ಲಿ ಒಂದು ಹೆಸರು ಬರೆದು, ಅರ್ಜಿಯಲ್ಲಿ ಇನ್ನೊಂದಿದ್ದರೆ ಕಡತ ಜೋಡಿಸುವವರು ಗೊಂದಲಕ್ಕೆ ಬೀಳುತ್ತಾರೆ. ಅರ್ಜಿಯಲ್ಲಿ ನಿಮ್ಮ ಹೆಸರು ಅಕ್ಷರಶಃ ಹೇಗಿದೆಯೋ ಹಾಗೆಯೇ ಟಿಪ್ಪಣಿಯ ಮೊದಲ ಸಾಲಿನಲ್ಲಿ ಬರೆದು, ‘ಪತ್ರದಲ್ಲಿ ದಯವಿಟ್ಟು ಇದೇ ರೂಪ ಬಳಸಿ’ ಎಂದು ಸೇರಿಸಿ. ಅಂಕಪಟ್ಟಿಯಲ್ಲಿ ಬೇರೆ ರೂಪವಿದ್ದರೆ ಅದನ್ನು ಪಕ್ಕದಲ್ಲೇ ಕೊಡಿ.